ತಳದಲ್ಲಿ ತೂತಿರುವ ಬಟ್ಟಲು

ಪ್ರೀತಿಯ ಅತ್ತೆ, ನಿಮ್ಮ ಬಾಯಿಬಡುಕಿ ಸೊಸೆಯ ನಮಸ್ಕಾರ.

ನೀವಿದ್ದಾಗ ನಿಮಗೊಂದು ಕಾಗದ ಬರೆಯುವ ಪ್ರಮೇಯವೇ ಬರಲಿಲ್ಲ. ಅಡುಗೆಮನೆಯಿಂದ ಕೂಗಿದರೆ ಚಾವಡಿಗೆ ಕೇಳುತ್ತಿತ್ತು, ಕೂಗದಿದ್ದರೂ ನಿಮಗೆ ಕೇಳುತ್ತಿತ್ತು. ಹೊಸ ಸೊಸೆಯಾಗಿ ಕಾಪುವಿನ ಈ ಮನೆಗೆ ಬಂದ ವಾರದಲ್ಲೇ ನಾನು ಹಂಡೆಯ ಹಿಂದೆ ನಿಂತು ಏನೋ ಗೊಣಗಿದ್ದೆ. ನೀವು ಒಳಗಿನಿಂದಲೇ, "ಗಟ್ಟಿಯಾಗಿ ಹೇಳು ಮಾರಾಯ್ತಿ, ಅರ್ಧ ಮಾತ್ರ ಕೇಳ್ತಾ ಉಂಟು" ಅಂದಿದ್ದಿರಿ. ಆವತ್ತಿನಿಂದ ಗಟ್ಟಿಯಾಗಿಯೇ ಹೇಳುತ್ತಾ ಬಂದವಳು ನಾನು. ಈಗ ಎಷ್ಟು ಗಟ್ಟಿಯಾಗಿ ಹೇಳಿದರೆ ನಿಮಗೆ ಕೇಳೀತು? ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹೊಟ್ಟೆನೋವು ನಿಮಗೆ ನೆನಪಿರಬೇಕು. ರಾತ್ರಿ ಬೆನ್ನಿನವರೆಗೆ ಹಿಡಿಯುತ್ತಿತ್ತಲ್ಲ, ನೀವು ಓಮದ ಕಷಾಯ ಮಾಡಿಕೊಟ್ಟು, "ಯಾರ ಮಾತನ್ನೂ ಜೀರ್ಣ ಮಾಡಿಕೊಳ್ಳದಿದ್ದರೆ ಹೀಗೇ" ಎಂದು ಚುಚ್ಚುತ್ತಿದ್ದಿರಿ. ಅದು ವಾಯುವಲ್ಲ ಅತ್ತೆ, ಪಿತ್ತಕೋಶದ ಕಲ್ಲಂತೆ. ಮಣಿಪಾಲದ ಡಾಕ್ಟರು ಸ್ಕ್ಯಾನ್ ನೋಡಿ, ಆಪರೇಷನ್ ಮಾಡಿಸಿಬಿಡಿ, ದೊಡ್ಡದೇನಲ್ಲ, ನಾಲ್ಕು ಸಣ್ಣ ತೂತು ಮಾಡಿ ತೆಗೆಯುತ್ತೇವೆ ಅಂದರು. ನನಗೆ ಹೆದರಿಕೆಯಾದದ್ದು ಆಪರೇಷನ್ನಿಗಲ್ಲ. ಮನೆಗೆ ಬಂದು ಧಾತ್ರಿಗೆ ಹೇಗೆ ಹೇಳುವುದು ಎಂಬುದಕ್ಕೆ.

ನಿಮ್ಮ ಮೊಮ್ಮಗಳು ಈಗ ಒಂದನೇ ಕ್ಲಾಸು. ಕಳೆದ ಮಳೆಗಾಲ, ಆಟಿ ತಿಂಗಳಲ್ಲಿ ನಿಮಗೆ ಉಸಿರು ಕಟ್ಟಿದಾಗ, ರಿಕ್ಷಾ ಹತ್ತುವ ಮೊದಲು ನೀವು ಗೇಟಿನ ಹತ್ತಿರ ನಿಂತು ಅವಳ ಕೆನ್ನೆ ಹಿಡಿದು, "ಸ್ವಲ್ಪ ಹೊತ್ತಿನಲ್ಲಿ ಬರ್ತೇನೆ ಮಗಾ" ಅಂದಿರಿ. ಮನೆ ಬಿಡುವಾಗ ಹೋಗುತ್ತೇನೆ ಅನ್ನಬಾರದು, ಬರುತ್ತೇನೆ ಅನ್ನಬೇಕು ಎಂದು ನಮಗೆಲ್ಲ ಕಲಿಸಿದವರೇ ನೀವು. ಆದರೆ ಆರು ವರ್ಷದ ಮಗುವಿಗೆ ಅದು ಕ್ರಮ ಎಂದು ಹೇಗೆ ಗೊತ್ತಾಗಬೇಕು? ಅವಳು ಗೇಟು ಬಿಟ್ಟು ಕದಲಲಿಲ್ಲ. ನಿಮ್ಮನ್ನು ಆಂಬುಲೆನ್ಸಿನಲ್ಲಿ ತಂದದ್ದನ್ನು ಅವಳು ನೋಡಬಾರದು ಎಂದು ಪಕ್ಕದ ಮನೆಗೆ ಕಳುಹಿಸಿದೆವು. ಆಮೇಲೆ ಕೇಳಿದಾಗೆಲ್ಲ ಒಬ್ಬರು ದೇವರ ಹತ್ತಿರ ಹೋಗಿದ್ದಾರೆ ಅಂದರು, ಇನ್ನೊಬ್ಬರು ಬರ್ತಾರೆ ಬರ್ತಾರೆ ಅಂದರು. ಸತ್ತಿದ್ದಾರೆ ಎಂಬ ಮಾತನ್ನು ಯಾರೂ ಆಡಲಿಲ್ಲ, ನಾನೂ ಆಡಲಿಲ್ಲ. ಆಡಿದ್ದರೆ ನಾನೇ ಮೊದಲು ಅತ್ತುಬಿಡುತ್ತಿದ್ದೆ.

ಅದರ ಫಲ ಏನು ಗೊತ್ತೇ? 'ಸ್ವಲ್ಪ ಹೊತ್ತು' ಎಂಬ ಮಾತು ಕೇಳಿದರೆ ಸಾಕು, ಹುಡುಗಿ ನನ್ನ ಸೆರಗು ಹಿಡಿಯುತ್ತಾಳೆ. ಉಚ್ಚಿಲಕ್ಕೆ ಮೀನು ತರಲು ಹೊರಟ ಪಕ್ಕದ ಮನೆಯವರ ಜೊತೆ ತರಕಾರಿಗೆಂದು ನಾನು ಹೋದರೂ ಅಳು. ಶಾಲೆಯ ವ್ಯಾನ್ ಹತ್ತುವಾಗ ತಿರುಗಿ, ತಿರುಗಿ, ಮತ್ತೂ ತಿರುಗಿ ನೋಡುತ್ತಾಳೆ. ವ್ಯಾನ್ ಹೆದ್ದಾರಿಗೆ ಮುಟ್ಟುವವರೆಗೆ ನಾನು ಗೇಟಿನಲ್ಲೇ ನಿಂತಿರಬೇಕು ಎಂದು ಆಣೆ. ಆಸ್ಪತ್ರೆ ಎಂಬ ಶಬ್ದ ಬಂದ ದಿನ ಜ್ವರವೇ ಬಂತು ಅವಳಿಗೆ. ನಿಗದಿಯಾಗಿದ್ದ ಆಪರೇಷನ್ನನ್ನು ನಾನು ಮುಂದೆ ಹಾಕಿಸಿದೆ. ಡಾಕ್ಟರು ಮುಖ ಗಂಟು ಹಾಕಿ, ಕಲ್ಲು ಕೊಳವೆಗೆ ಜಾರಿದರೆ ಕಷ್ಟ, ತುಂಬ ಮುಂದೂಡಬೇಡಿ ಎಂದರು. ಮಾವ ನೀವು ಹೋದ ಮೇಲೆ ಮಾತೇ ಕಡಿಮೆ ಮಾಡಿದ್ದರು. ನಿಮ್ಮ ಮಗನದ್ದು ಗೊತ್ತಲ್ಲ, ಎಲ್ಲದಕ್ಕೂ "ಆಗ್ತದೆ ಬಿಡು". ಯಾರ ಹತ್ತಿರ ಹೇಳಿಕೊಳ್ಳಲಿ?

ಹೀಗಿರುವಾಗ ಒಂದು ದಿನ ರಕ್ತಪರೀಕ್ಷೆಯ ರಿಪೋರ್ಟಿಗೆಂದು ಮಣಿಪಾಲಕ್ಕೆ ಹೋಗಿದ್ದೆ. ಕೌಂಟರಿನವಳು ಮಧ್ಯಾಹ್ನದ ಮೇಲೆ ಬನ್ನಿ ಅಂದಳು. ಬಿಸಿಲಿಗೆ ಎಲ್ಲಿ ಕೂತುಕೊಳ್ಳುವುದು ಎಂದು ಹಳೆಯ ಮನೆಸಾಮಾನು ಇಟ್ಟ ಒಂದು ಮ್ಯೂಸಿಯಂ ಹೊಕ್ಕೆ. ಸೇರು, ಭತ್ತ ಅಳೆಯುವ ಕಳಸಿಗೆ, ಅಡಕತ್ತರಿ, ನಮ್ಮ ಅಟ್ಟದಲ್ಲಿ ಈಗಲೂ ಬಿದ್ದಿರುವ ಸಾಮಾನನ್ನೆಲ್ಲ ಗಾಜಿನೊಳಗೆ ಇಟ್ಟಿದ್ದಾರೆ. ನೀವಿದ್ದಿದ್ದರೆ "ಇದಕ್ಕೂ ಟಿಕೆಟಾ?" ಅನ್ನುತ್ತಿದ್ದಿರಿ. ಒಂದು ಪೆಟ್ಟಿಗೆಯೊಳಗೆ ಅಂಗೈಯಗಲದ ತಾಮ್ರದ ಬಟ್ಟಲು, ತಳದ ನಡುವೆ ಸಾಸಿವೆಗಿಂತ ಸಣ್ಣ ತೂತು. ಅದರ ಪಕ್ಕ ಅಗಲಬಾಯಿಯ ಒಂದು ಪಾತ್ರೆ. ಚೀಟಿಯಲ್ಲಿ 'ಗಳಿಗೆ ಬಟ್ಟಲು' ಎಂದು ಓದಿದೊಡನೆ ನಿಮ್ಮ ನಗು ಕೇಳಿಸಿದ ಹಾಗಾಯಿತು. ಕುಕ್ಕುಂದೂರಿನ ನಿಮ್ಮ ತವರಿನ ಮದುವೆಯ ಕಥೆ ಹೇಳುವಾಗ ನೀವು ನಗುತ್ತಿದ್ದ ನಗು. ಅಲ್ಲೇ ಮೊಬೈಲಿನಲ್ಲಿ ಫೋಟೋ ತೆಗೆದೆ.

ಆ ಸಂಜೆ ಧಾತ್ರಿ ಮೊಬೈಲು ತಡಕುತ್ತಾ ಆ ಫೋಟೋಗೆ ಬಂದು ನಿಂತಳು. ಟ್ಯೂಬ್‌ಲೈಟಿನ ಬೆಳಕು ಗಾಜಿಗೆ ಹೊಡೆದು ಚೀಟಿಯ ಕೆಳಗಿನ ಸಾಲುಗಳೆಲ್ಲ ಬೆಳ್ಳಗಾಗಿದ್ದವು. ಗಾಜಿನಲ್ಲಿ ನನ್ನದೇ ಮುಖ ಬಿದ್ದಿತ್ತು.

"ಅಮ್ಮ, ಇದೆಂತ? ನೀನ್ಯಾಕೆ ಇದರ ಒಳಗಿದ್ದಿ?"

ನಾನು ಒಳಗಿಲ್ಲ, ಅದು ಗಾಜಿನಲ್ಲಿ ಬಿದ್ದ ನೆರಳು, ಇದು ಹಿಂದಿನವರ ಗಡಿಯಾರ ಅಂದೆ. ಮುಳ್ಳಿಲ್ಲ, ಅಂಕಿ ಇಲ್ಲ, ಇದೆಂಥ ಗಡಿಯಾರ ಎಂದಳು. ಒಳ್ಳೆಯ ಬಟ್ಟಲಿಗೆ ಯಾರು ತೂತು ಮಾಡಿದ್ದು, ಅವರಿಗೆ ಪೆಟ್ಟು ಬಿತ್ತಾ ಎಂದು ಕೇಳಿದಳು. ನಾನು ಭಾರೀ ತಿಳಿದವಳ ಹಾಗೆ ವಿವರಿಸಿದೆ: ದೇವಸ್ಥಾನದಲ್ಲಿ ಲಿಂಗದ ಮೇಲೆ ಧಾರಾಪಾತ್ರೆ ತೂಗುಹಾಕಿರುತ್ತಾರಲ್ಲ, ಹಾಗೇ ಇದೂ. ತುಂಬ ನೀರು ಹಾಕಿದರೆ ತೂತಿನಿಂದ ತೊಟ್ಟು ತೊಟ್ಟಾಗಿ ಬೀಳುತ್ತದೆ, ಪೂರ್ತಿ ಖಾಲಿಯಾದರೆ ಒಂದು ಗಳಿಗೆ.

ಹುಡುಗಿ ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದಳು. ಅಷ್ಟು ದೊಡ್ಡ ಪಾತ್ರೆ ಪಕ್ಕದಲ್ಲಿ ಯಾಕೆ ಎಂದಳು. ಬಿದ್ದ ನೀರು ಹಿಡಿಯಲಿಕ್ಕೆ ಅಂದೆ. ಹಾಗಾದರೆ ಬಟ್ಟಲಿಗೆ ತೂಗುಹಾಕುವ ಸರಪಳಿ ಎಲ್ಲಿ? ನಾನೂ ಫೋಟೋದಲ್ಲಿ ಸರಪಳಿ ಹುಡುಕಿದೆ. ಅವಳೇ ಸ್ವಲ್ಪ ಯೋಚಿಸಿ, "ದೋಣಿ ತೂತಾದರೆ ನೀರು ಒಳಗೆ ಬರ್ತದೆ ಅಲ್ವಾ? ಇದು ದೋಣಿಯ ಹಾಗೆ ಉಂಟು" ಅಂದಳು.

ಕಾಪುವಿನ ಕಡಲತೀರದ ದೀಪಸ್ತಂಭದ ಬುಡದಲ್ಲಿ ದೋಣಿ ನೋಡಿ ಬೆಳೆದ ಮಗು. ಆಗ ನನಗೆ ನಿಮ್ಮ ಕಥೆಯ ನಿಜವಾದ ಅರ್ಥ ಹೊಳೆಯಿತು. ಮದುವೆಯ ದಿನ ಬೆಳಗ್ಗೆ ನಿಮ್ಮ ಅಪ್ಪ ಪಾತ್ರೆಗೆ ಅರಿಶಿನ ಕುಂಕುಮ ಇಟ್ಟು, ನೀರನ್ನು ಬಟ್ಟೆಯಲ್ಲಿ ಸೋಸಿ ತುಂಬಿ, ಸೂರ್ಯ ಅರ್ಧ ಕಂಡ ಕೂಡಲೇ ಖಾಲಿ ಬಟ್ಟಲನ್ನು ನೀರ ಮೇಲೆ ತೇಲಬಿಡುತ್ತಿದ್ದರು ಎಂದಿದ್ದಿರಿ. ಅದು ತುಂಬಿ ಮುಳುಗಿದೊಡನೆ ಎತ್ತಿ, ಚೆಲ್ಲಿ, ತಿರುಗಿ ತೇಲಬಿಟ್ಟು, ಗೋಡೆಗೆ ಸುಣ್ಣದಲ್ಲಿ ಒಂದು ಗೀಟು. ಇಷ್ಟು ಗೀಟಾದರೆ ಧಾರೆಯ ಮುಹೂರ್ತ. ಚಿಕ್ಕಮ್ಮನ ಮದುವೆಯ ದಿನ, ಪುಟ್ಟ ಹುಡುಗಿಯಾಗಿದ್ದ ನಿಮ್ಮನ್ನು ಕಾಯಲಿಕ್ಕೆ ಕೂರಿಸಿ ಅವರು ಮುಖ ತೊಳೆಯಲು ಹೋದಾಗ, ಊಟದ ಲಾಡು ಬೇಗ ಸಿಗಲಿ ಎಂಬ ಆಸೆಗೆ ನೀವು ಬೆರಳಿನಿಂದ ಬಟ್ಟಲನ್ನು ಒತ್ತಿ ಮುಳುಗಿಸಿಬಿಟ್ಟಿರಿ! ಸುಳ್ಳು ಮುಹೂರ್ತದಲ್ಲಿ ಮದುವೆಯಾದ ಆ ನಿಮ್ಮ ಚಿಕ್ಕಮ್ಮ ಗಂಡನೊಂದಿಗೆ ಹಣ್ಣು ಹಣ್ಣು ಮುದುಕಿಯಾಗುವವರೆಗೆ ಬಾಳಿದಳು ಎಂದು ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಿರಿ. ನಾನೂ ನಕ್ಕಿದ್ದೆ. ಬಟ್ಟಲು ಹೇಗೆ ಕೆಲಸ ಮಾಡುತ್ತದೆ ಎಂದು ಮಾತ್ರ ಕೇಳಿರಲಿಲ್ಲ.

ನಾನು ತಪ್ಪು ಹೇಳಿದ್ದೆ, ನೀನು ಹೇಳಿದ್ದೇ ಸರಿ ಎಂದು ಒಪ್ಪಿಕೊಂಡೆ. ಅವಳ ಮುಖ ಅರಳಿದ್ದು ನೋಡಬೇಕಿತ್ತು. ಮಾಡಿ ನೋಡುವ ಎಂದಳು. ತಾಮ್ರದ ಬಟ್ಟಲು ಎಲ್ಲಿಂದ ತರುವುದು? ಆವತ್ತು ತೆಂಗಿನಕಾಯಿ ತುರಿದು ಉಳಿದ ಚಿಪ್ಪು, ನಮ್ಮ ಗೆರಟೆ, ಇತ್ತು. ಕಣ್ಣಿರುವ ಹೋಳಿನ ಮೆದು ಕಣ್ಣನ್ನು ಚುಚ್ಚಿ ಬಕೆಟಿನಲ್ಲಿ ಬಿಟ್ಟೆವು. ತೂತು ದೊಡ್ಡದು, ಗಬಗಬ ನೀರು ನುಗ್ಗಿ ಕಣ್ಣು ಮುಚ್ಚಿ ಬಿಡುವುದರೊಳಗೆ ತುಂಬಿತು. ಕಣ್ಣಿಲ್ಲದ ಇನ್ನೊಂದು ಹೋಳಿನ ತಳಕ್ಕೆ ಸೂಜಿ ಕಾಯಿಸಿ ಚುಚ್ಚಿದೆ. ಈ ಸಲ ನೀರು ಒಳಗೆ ಬರಲೇ ಇಲ್ಲ, ತೂತಿನ ಬಾಯಲ್ಲಿ ಒಂದು ಹನಿ ಅಂಟಿಕೊಂಡು ಕೂತಿತು. ತೀರಾ ಸಣ್ಣ ತೂತಿನಲ್ಲಿ ನೀರಿಗೆ ತನ್ನ ಚರ್ಮವನ್ನು ಒಡೆದು ಬರಲು ಬಲ ಸಾಲುವುದಿಲ್ಲ ಎಂದೆ. ನೀರಿಗೂ ಚರ್ಮ ಉಂಟಾ ಎಂದಳು. ಕೆರೆಯ ಮೇಲೆ ನೀರುಹುಳ ಮುಳುಗದೆ ಓಡುವುದು ಆ ಚರ್ಮದ ಮೇಲೆಯೇ ಅಂದೆ.

ಅಷ್ಟರಲ್ಲಿ ಹಿಂದಿನಿಂದ ಮಾವನ ಸ್ವರ. ಎಷ್ಟು ದಿನವಾಗಿತ್ತೋ ಅವರಾಗಿ ಮಾತಾಡದೆ. ನಾರೆಲ್ಲ ಕೆತ್ತಬೇಕು, ನಾರಿದ್ದರೆ ಮುಳುಗದೆ ತೇಲುತ್ತಲೇ ಇರುತ್ತದೆ ಎಂದು ಹೇಳಿ ಗೆರಟೆಯನ್ನು ಕೈಗೆ ತೆಗೆದುಕೊಂಡು ಗಾಜಿನ ಚೂರಿನಲ್ಲಿ ಹೊರಮೈಯನ್ನು ನುಣ್ಣಗೆ ಕೆರೆದರು. ತೂತನ್ನು ತೆಳು ಮೊಳೆಯಿಂದ ಒಂದಿಷ್ಟೇ ಹಿಗ್ಗಿಸಿದರು. ತಾಮ್ರದಷ್ಟು ಭಾರ ಬರಲೆಂದು ಒಳಗೆ, ತೂತಿಗೆ ಅಡ್ಡ ಬರದ ಹಾಗೆ, ಒಂದು ನಾಣ್ಯ ಹಾಕಿದರು. ಈ ಸಲ ಗೆರಟೆ ನೀರಿನಲ್ಲಿ ಅರ್ಧ ಇಳಿದು ನಿಂತಿತು, ತಳದಿಂದ ನೀರು ಬುಗ್ಗೆಯ ಹಾಗೆ ನಿಧಾನವಾಗಿ ಏಳತೊಡಗಿತು.

ಧಾತ್ರಿ ಮೊಣಕಾಲೂರಿ ಬಗ್ಗಿದಳು. ಯಾರೂ ಹೊಯ್ಯದೆ ನೀರು ಯಾಕೆ ಮೇಲೆ ಬರುತ್ತದೆ? ಗೆರಟೆಯ ಹೊರಗೆ ನೀರು ಎಲ್ಲಿಯವರೆಗೆ ಇದೆ ನೋಡು, ಒಳಗೆ ಎಲ್ಲಿದೆ ನೋಡು ಎಂದೆ. ಹೊರಗೆ ಎತ್ತರ, ಒಳಗೆ ತಗ್ಗು. ಎತ್ತರದ ನೀರು ತಗ್ಗಿಗೆ ಬರಲು ದಾರಿ ಹುಡುಕುತ್ತದೆ, ಇರುವುದು ಒಂದೇ ಸಣ್ಣ ಬಾಗಿಲು. ಒಳಗೆ ನೀರು ಬಂದ ಹಾಗೆ ಗೆರಟೆ ಭಾರವಾಗಿ ಇನ್ನಷ್ಟು ಇಳಿಯುತ್ತದೆ, ಆದ್ದರಿಂದ ಹೊರಗಿನ ನೀರು ಯಾವಾಗಲೂ ಒಳಗಿನದಕ್ಕಿಂತ ಮೇಲೆಯೇ ಇರುತ್ತದೆ, ಬರುವುದು ನಿಲ್ಲುವುದಿಲ್ಲ. ಅಂಚು ನೀರಿಗೆ ಸಮವಾದ ಕೂಡಲೇ ಸುತ್ತಲಿಂದ ನೀರು ಹೊಕ್ಕು ಗುಳುಂ. ನಾನು ಹೇಳಿ ಮುಗಿಸಿದ ಎಷ್ಟೋ ಹೊತ್ತಿನ ಮೇಲೆ ಗುಳುಂ ಅಂತು. ಅವಳು ಚಪ್ಪಾಳೆ ತಟ್ಟಿ ಎತ್ತಿ, ಚೆಲ್ಲಿ, ತಿರುಗಿ ಬಿಟ್ಟಳು. ಮೊಬೈಲಿನಲ್ಲಿ ನೋಡಿದರೆ ಪ್ರತಿ ಸಲವೂ ಹೆಚ್ಚು ಕಡಿಮೆ ಕಾಲು ಗಂಟೆ. ಮ್ಯೂಸಿಯಂನದ್ದು ಇಪ್ಪತ್ತನಾಲ್ಕು ನಿಮಿಷಕ್ಕೆ ಸರಿಯಾಗಿ ತೂತು ಕೊರೆದದ್ದು, ಅಂಥ ಅರವತ್ತು ಮುಳುಗಿದರೆ ಒಂದು ಹಗಲು ಒಂದು ರಾತ್ರಿ ಎಂದು ಮಾವ ಹೇಳಿದರು.

ನಾನು ನೋಡದೆ ಆಡಲಿಕ್ಕೆ ಹೋದರೆ ನಿಧಾನ ಮಾಡುತ್ತದಾ ಎಂದು ಕೇಳಿದಳು. ಇಲ್ಲ, ನೀನು ನೋಡಿದರೂ ಅಷ್ಟೇ, ಅತ್ತರೂ ಅಷ್ಟೇ, ತೂತು ಎಷ್ಟಿದೆಯೋ ಅಷ್ಟೇ ನೀರು. ಕಸ ಸಿಕ್ಕಿಕೊಂಡರೆ ಮಾತ್ರ ನಿಧಾನ, ಅದಕ್ಕೇ ಸೋಸುವುದು. ಮಳೆಗಾಲದಲ್ಲಿ ಸೂರ್ಯನೇ ಕಾಣದಿದ್ದರೆ ಮೊದಲ ಬಟ್ಟಲನ್ನು ಯಾವಾಗ ಬಿಡುವುದು ಎಂದು ಕೇಳಿದಳು. ಅದಕ್ಕೆ ಮಾವ, ಅಂದಾಜಿನಲ್ಲಿ ಮಗಾ, ನಮ್ಮೂರಿನ ಎಷ್ಟೋ ಮುಹೂರ್ತ ಅಂದಾಜಿನದ್ದೇ ಎಂದು ಸಣ್ಣಗೆ ನಕ್ಕರು. ಅವರು ನಕ್ಕಿದ್ದನ್ನು ನಿಮಗೆ ಹೇಳಬೇಕು ಎಂದು ಆಗಲೇ ಅನಿಸಿತ್ತು.

ಆಮೇಲೆ ಅವಳು ಗೆರಟೆಯನ್ನು ನೋಡುತ್ತಲೇ, ತಲೆ ಎತ್ತದೆ ಕೇಳಿದಳು.

"ಅಜ್ಜಿ ಎಷ್ಟು ಬಟ್ಟಲಿಗೆ ಬರ್ತಾರೆ?"

ಅತ್ತೆ, ಆ ಕ್ಷಣ ನೀವಿರಬೇಕಿತ್ತು. ಮಾವ ಅತ್ತ ತಿರುಗಿದರು. ದೇವರ ಹತ್ತಿರ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಸಂಜೆಯಿಡೀ ಆ ಮಗುವಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೆ, ತಪ್ಪಿದ್ದನ್ನು ತಪ್ಪು ಎಂದು ಒಪ್ಪಿದ್ದೆ, ಅವಳು ಒಂದೊಂದನ್ನೂ ಅರ್ಥ ಮಾಡಿಕೊಂಡಿದ್ದಳು. ಈಗ ಹೇಗೆ...

"ಅಜ್ಜಿ ಬರುವುದಿಲ್ಲ ಮಗಾ. ಅಜ್ಜಿ ಸತ್ತುಹೋಗಿದ್ದಾರೆ. ಎಷ್ಟು ಬಟ್ಟಲು ಮುಳುಗಿದರೂ ಬರುವುದಿಲ್ಲ."

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಹಾಗಾದರೆ ಬರ್ತೇನೆ ಅಂದದ್ದು ಸುಳ್ಳಾ ಎಂದಳು. ಸುಳ್ಳಲ್ಲ, ಬರಬೇಕು ಅಂತಲೇ ಹೋಗಿದ್ದರು, ಉಸಿರಿನ ಚೀಲ ತುಂಬ ಹಾಳಾಗಿತ್ತು, ಡಾಕ್ಟರಿಗೂ ಆಗಲಿಲ್ಲ ಎಂದೆ. ಆಮೇಲೆ ಅತ್ತಳು. ನಾನೂ ಅತ್ತೆ. ಮಾವ ಬಕೆಟಿನ ಆಚೆ ಕೂತು ಅತ್ತರು. ನೀವು ಹೋದ ಮೇಲೆ ನಾವು ಮೂವರೂ ಒಟ್ಟಿಗೆ ಅತ್ತದ್ದು ಅದೇ ಮೊದಲು. ಗೆರಟೆ ಯಾವಾಗ ಮುಳುಗಿತು ಎಂದು ಯಾರೂ ನೋಡಲಿಲ್ಲ.

ಕಣ್ಣೊರೆಸಿಕೊಂಡ ಮೇಲೆ ಅವಳೇ ನನ್ನ ಆಪರೇಷನ್ನಿನ ಮಾತು ತೆಗೆದಳು. ನಿನ್ನದು ಎಷ್ಟು ಬಟ್ಟಲು? ಡಾಕ್ಟರು ಹೇಳಿದ್ದನ್ನು ಲೆಕ್ಕ ಹಾಕಿ ಹೇಳಿದೆ: ನನ್ನನ್ನು ಒಳಗೆ ಕರೆದುಕೊಂಡು ಹೋದಲ್ಲಿಂದ ಎಚ್ಚರವಾಗುವವರೆಗೆ ಸುಮಾರು ಹತ್ತು. ಮದ್ದು ಕೊಟ್ಟು ಮಲಗಿಸುತ್ತಾರೆ, ನೋವು ಗೊತ್ತಾಗುವುದಿಲ್ಲ, ಸಣ್ಣ ತೂತಿನಿಂದ ಕಲ್ಲಿನ ಚೀಲ ತೆಗೆಯುತ್ತಾರೆ, ಆಮೇಲೆ ಅಪ್ಪ ಫೋನ್ ಮಾಡುತ್ತಾರೆ. ಹತ್ತಕ್ಕೇ ಮುಗಿಯುತ್ತದೆ ಎಂದು ಆಣೆ ಹಾಕಲಾರೆ, ಡಾಕ್ಟರಿಗೂ ಅದು ಅಂದಾಜು. ಹೆಚ್ಚಾದರೆ ಎಂತ ಮಾಡಬೇಕು ಗೊತ್ತುಂಟಲ್ಲ ಎಂದೆ. ಎತ್ತಿ, ಚೆಲ್ಲಿ, ಪುನಃ ಬಿಡಬೇಕು ಎಂದಳು.

ಆಪರೇಷನ್ನಿನ ದಿನ ನಾನು ಗೇಟಿನ ಹತ್ತಿರ ನಿಂತಾಗ ಅವಳು ಸೆರಗು ಹಿಡಿಯಲಿಲ್ಲ. ಮುಖ ಮಾತ್ರ ಬಿಳಿಚಿತ್ತು. ಒಳಗೆ ಕರೆದಾಗ ನಿಮ್ಮ ಮಗ ಮನೆಗೆ ಫೋನ್ ಮಾಡಿ ಈಗ ಬಿಡಿ ಎಂದರು, ಇಲ್ಲಿ ಕಾಪುವಿನ ಹಿತ್ತಲಿನಲ್ಲಿ ಮೊದಲ ಗೆರಟೆ ನೀರಿಗಿಳಿಯಿತು. ಮಾವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಿದ್ದರು. ಪ್ರತಿ ಸಲ ಮುಳುಗಿದಾಗ ಅವಳು ಹಿತ್ತಲಿನ ಗೋಡೆಗೆ ಸುಣ್ಣದಲ್ಲಿ ಒಂದು ಗೀಟು ಹಾಕಿದಳಂತೆ. ಹತ್ತಾಯಿತು, ಫೋನ್ ಬರಲಿಲ್ಲ. ನನಗಿಂತ ಮೊದಲಿನ ರೋಗಿಯ ಆಪರೇಷನ್ ತಡವಾಗಿ ನನ್ನನ್ನು ಹೊರಗಿನ ಕೋಣೆಯಲ್ಲೇ ಮಲಗಿಸಿದ್ದರು, ನಿಮ್ಮ ಮಗನಿಗೆ ಅದು ತಿಳಿದದ್ದು ಎಷ್ಟೋ ಹೊತ್ತಿನ ಮೇಲೆ. ಮಾವ ಫೋನನ್ನು ಕೈಯಲ್ಲೇ ಹಿಡಿದು ಕೂತರಂತೆ. ಧೈರ್ಯ ಹೇಳಲು ಅವರು ನಿಮ್ಮ ಲಾಡಿನ ಕಥೆ ತೆಗೆದು, ಬೇಕಾದರೆ ನೀನೂ ಅಜ್ಜಿಯ ಹಾಗೆ ಒಮ್ಮೆ ಒತ್ತಿಬಿಡು ಎಂದರಂತೆ. ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳಂತೆ.

"ಒತ್ತಿದರೆ ಗೆರಟೆ ಮಾತ್ರ ಬೇಗ ಮುಳುಗ್ತದೆ ಅಜ್ಜ. ಅಮ್ಮ ಬೇಗ ಬರುವುದಿಲ್ಲ."

ಮಾವ ಇದನ್ನು ನನಗೆ ಎರಡೆರಡು ಸಲ ಹೇಳಿದರು. ನಿಮ್ಮನ್ನೇ ಮೀರಿಸಿದಳು ನೋಡಿ, ಅತ್ತೆ.

ಮೂರನೇ ದಿನ ಮನೆಗೆ ಬಂದೆ. ರಿಕ್ಷಾದಿಂದ ಹೊಟ್ಟೆ ಹಿಡಿದುಕೊಂಡು ಇಳಿದರೆ, ಹುಡುಗಿ ಓಡಿಬಂದು ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ಓಡಿಬರಲಿಲ್ಲ, ತಬ್ಬಿದರೆ ಹೊಲಿಗೆ ಬಿಚ್ಚಿಹೋದೀತು ಎಂದು ಅವಳ ಅಪ್ಪ ಹೆದರಿಸಿದ್ದರಂತೆ. ನಿಧಾನವಾಗಿ ಬಂದು ನನ್ನ ಕಿರುಬೆರಳು ಹಿಡಿದು ನೆಟ್ಟಗೆ ಹಿತ್ತಲಿಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದಳು. ನೀನು ಹೇಳಿದ್ದು ಇಲ್ಲಿಯವರೆಗೆ ಎಂದು ಒಂದು ಗೀಟಿನ ಮೇಲೆ ಬೆರಳಿಟ್ಟಳು. ಅದರಾಚೆ ಇನ್ನೂ ಗೀಟುಗಳಿದ್ದವು, ಕೊನೆಕೊನೆಯವು ವಾರೆಕೋರೆ. ಇದೆಲ್ಲ ಜಾಸ್ತಿಯದ್ದು, ನಾನು ಚೆಲ್ಲಿ ಚೆಲ್ಲಿ ಪುನಃ ಬಿಟ್ಟೆ ಎಂದಳು. ಆ ವಾರೆ ಗೀಟುಗಳನ್ನು ನೋಡಿ ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ.

ಗೋಡೆಗೆ ಈ ವರ್ಷ ಸುಣ್ಣ ಬಳಿಸುವುದಿಲ್ಲ, ನಿಮ್ಮ ಮಗನಿಗೆ ಹೇಳಿಯಾಗಿದೆ. ಅತ್ತೆ, ನಿಮಗೊಂದು ಮಾತು ಕೊಡುತ್ತೇನೆ. ಗೇಟು ದಾಟುವಾಗ ನಿಮ್ಮ ಕ್ರಮದಂತೆ ಬರುತ್ತೇನೆ ಎಂದೇ ಅನ್ನುತ್ತೇನೆ, ಅದನ್ನು ಬಿಡುವುದಿಲ್ಲ. ಅದರ ಜೊತೆಗೆ ಎಲ್ಲಿಗೆ ಹೋಗುತ್ತೇನೆ, ಎಷ್ಟು ಹೊತ್ತಾದೀತು, ಯಾವುದು ನನಗೆ ಗೊತ್ತಿಲ್ಲ ಎಂಬುದನ್ನೂ ಹೇಳಿಯೇ ಹೊರಡುತ್ತೇನೆ. ಮುಂದೊಂದು ದಿನ ನಾನೂ ನಿಮ್ಮ ಹಾಗೆ ರಿಕ್ಷಾ ಹತ್ತಬೇಕಾಗಿ ಬಂದರೆ, ಆಗಲೂ.

ಇನ್ನೊಂದು ಸುದ್ದಿ ಇದೆ, ಇವತ್ತಿನದ್ದೇ. ಬೆಳಗ್ಗೆ ಶಾಲೆಯ ವ್ಯಾನ್ ಬಂತು. ಧಾತ್ರಿ ಚೀಲ ಹೆಗಲಿಗೇರಿಸಿ, ನೀವು ಕಲಿಸಿದ ಹಾಗೇ "ಬರ್ತೇನೆ ಅಮ್ಮ" ಎಂದು ಹತ್ತಿ, ಕಿಟಕಿಯ ಬದಿಯ ಗೆಳತಿಯ ಜೊತೆ ಏನೋ ಮಾತಿಗಿಳಿದಳು. ವ್ಯಾನ್ ಹೊರಟಿತು. ಒಮ್ಮೆಯೂ ತಿರುಗಿ ನೋಡಲಿಲ್ಲ. ನಾನು ಮಾತ್ರ ಅದು ಹೆದ್ದಾರಿಗೆ ಮುಟ್ಟುವವರೆಗೆ ಗೇಟಿನಲ್ಲೇ ನಿಂತಿದ್ದೆ.

ನಿಮ್ಮ ಸೊಸೆ